ಟೈಲ್ ಲ್ಯಾಂಪ್ ಬಲ್ಬ್ ಹಾಕಿಸಿದ ಮೇಲೆ ಫ್ಯೂಸ್ ಹೋಗ್ತಿದೆಯಾ? ಮೀಟರ್‌ನ ಬೀಪ್ ನಂಬಿ ವೈರಿಂಗ್‌ಗೆ ದುಡ್ಡು ಕೊಡಬೇಡಿ

ಕೊಡಗಿನಲ್ಲಿ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ನೂರು ರೂಪಾಯಿಯೂ ಆಗದ ಒಂದು ಬಲ್ಬ್ ಹಾಕಿಸಲು ಹೋಗಿ, ಎಂಟೂವರೆ ಸಾವಿರದ ವೈರಿಂಗ್ ಕೆಲಸಕ್ಕೆ ಅಡ್ವಾನ್ಸ್ ಕೊಟ್ಟು ಬಂದವನು ನಾನು. ಕೆಲಸ ಬೇಕಾಗೇ ಇರಲಿಲ್ಲ. ಅದು ಗೊತ್ತಾದ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅಂಗಡಿ ಹೆಸರು ಹಾಕಲ್ಲ, ಆದರೆ ಅವರು ಏನು ಮಾಡಿದರು, ಏನು ಹೇಳಿದರು ಅನ್ನೋದನ್ನು ಇದ್ದ ಹಾಗೆ ಬರೆಯುತ್ತೇನೆ.

ಎಡಗಡೆ ಟೈಲ್ ಲ್ಯಾಂಪ್ ಉರಿಯುತ್ತಿರಲಿಲ್ಲ. ಮಳೆಗಾಲದಲ್ಲಿ ಮಡಿಕೇರಿ ಕಡೆ ಮಧ್ಯಾಹ್ನವೇ ಮಂಜು ಕವಿದು ಮುಂದಿನ ಗಾಡಿ ಕಾಣಲ್ಲ, ನಿಮಗೆ ಗೊತ್ತಲ್ವಾ. ಹಿಂದಿನ ಲೈಟ್ ಇಲ್ಲದೆ ಸಂಪಾಜೆ ಘಾಟಿ ಇಳಿಯೋಕೆ ಧೈರ್ಯ ಬರಲಿಲ್ಲ. ಅಂಗಡಿಗೆ ಹೋದೆ. ಹುಡುಗ ಡಿಕ್ಕಿ ತೆಗೆದು, ಲ್ಯಾಂಪ್ ಪೂರ್ತಿ ಹೊರಗೆ ಎಳೆದು, ಬಲ್ಬ್ ಬದಲಿಸಿ, ಮತ್ತೆ ತಳ್ಳಿ ನಟ್ ಬಿಗಿದ. ಎರಡೂ ಕಡೆ ಉರಿಯಿತು. ದುಡ್ಡು ಕೊಟ್ಟು ಹೊರಟೆ.

ಊರು ದಾಟಿ ಗುಂಡಿ ರಸ್ತೆಗೆ ಬಂದಿದ್ದೇ ತಡ, ಡ್ಯಾಶ್‌ಬೋರ್ಡಿನ ಮೀಟರ್ ಕತ್ತಲಾಯಿತು. ಇಳಿದು ನೋಡಿದರೆ ಹಿಂದೆ ಎರಡೂ ಟೈಲ್ ಲೈಟ್ ಇಲ್ಲ, ನಂಬರ್ ಪ್ಲೇಟ್ ಲೈಟೂ ಇಲ್ಲ. ಬ್ರೇಕ್ ಲೈಟ್ ಮಾತ್ರ ಸರಿಯಾಗಿ ಉರಿಯುತ್ತಿತ್ತು. ಪಾರ್ಕ್ ಲೈಟಿನ ಫ್ಯೂಸ್ ಹೋಗಿತ್ತು. ನನ್ನ ಕಾರಿನಲ್ಲಿ ಇದಕ್ಕೆಲ್ಲಾ ಒಂದೇ ಫ್ಯೂಸ್, ಬ್ರೇಕಿಗೆ ಬೇರೆ.

ವಾಪಸ್ ಹೋದೆ. ಹೊಸ ಫ್ಯೂಸ್ ಹಾಕಿದರು. ಅಲ್ಲಿ ನಿಂತಾಗ ಉರಿಯಿತು, ರಸ್ತೆಗೆ ಬಂದ ಮೇಲೆ ಮತ್ತೆ ಹೋಯಿತು. ಮತ್ತೆ ಹೋದಾಗ ಮಾಲೀಕರೇ ಬಂದರು. "ಬಲ್ಬ್ ಹಾಕಿದ ಮೇಲೇ ಹೀಗಾಗ್ತಿದೆ ಅಣ್ಣಾ, ಲ್ಯಾಂಪ್ ಬಿಚ್ಚಿ ನೋಡಿ" ಅಂದೆ. ಬಿಚ್ಚಲಿಲ್ಲ. ಅದನ್ನು ಬಿಟ್ಟು ವೈರ್ ಚೆಕ್ ಮಾಡುವ ಮಲ್ಟಿಮೀಟರ್ ತಂದರು. ಫ್ಯೂಸ್ ಕಿತ್ತು, ಅದರ ಒಂದು ಪಾಯಿಂಟಿಗೆ ಒಂದು ಕಡ್ಡಿ, ಕಾರಿನ ತಗಡಿಗೆ ಇನ್ನೊಂದು ಕಡ್ಡಿ ಇಟ್ಟರು. ಬೀಪ್ ಅಂತ ಸದ್ದು.

"ಕೇಳಿಸ್ತಾ ಸಾರ್? ಬೀಪ್ ಬಂತು ಅಂದ್ರೆ ಶಾರ್ಟ್. ಒಳಗಿನ ಹಾರ್ನೆಸ್ಸೇ ಹೋಗಿದೆ. ಕೊಡಗಲ್ಲಿ ಮಳೆ ನೀರು ಹೋಗಿ ಎಲ್ಲಾ ಕಾರಿಗೂ ಇದೇ ಗತಿ. ಹಿಂದಿನಿಂದ ಮುಂದಿನ ತನಕ ವೈರ್ ಹೊಸದು ಎಳೀಬೇಕು, ಎಂಟೂವರೆ ಆಗುತ್ತೆ."

ಅಲ್ಲಿ ಇನ್ನೂ ಮೂರು ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಅವರ ಮುಂದೆ ಮತ್ತೊಮ್ಮೆ ಕಡ್ಡಿ ಇಟ್ಟು ಬೀಪ್ ಮಾಡಿಸಿ ತೋರಿಸಿದರು. ಬಲ್ಬಿನಿಂದಲೇ ಶುರುವಾಗಿದ್ದು ಅಂತ ನಾನು ಮತ್ತೆ ಅಂದಾಗ, "ಮೀಟರ್ ಸುಳ್ಳು ಹೇಳುತ್ತಾ ಸಾರ್?" ಅಂದರು. ಪಕ್ಕದಲ್ಲಿದ್ದವರು ನಕ್ಕರು. ಆ ಮಾತು ಈಗಲೂ ಕಿವಿಯಲ್ಲಿದೆ. ಸಾವಿರ ರೂಪಾಯಿ ಅಡ್ವಾನ್ಸ್, ಮುನ್ನೂರು ಚೆಕಿಂಗ್ ಚಾರ್ಜ್. "ವೈರ್ ಬರೋ ತನಕ ತೊಂದ್ರೆ ಇಲ್ಲ, ಸ್ಟ್ರಾಂಗ್ ಫ್ಯೂಸ್ ಹಾಕಿದ್ದೀನಿ, ಆರಾಮಾಗಿ ಓಡಿಸಿ" ಅಂತ ಕಳಿಸಿದರು.

ಆರಾಮಾಗಿ ಓಡಿಸಿ! ಮನೆಗೆ ಬಂದು ಡಿಕ್ಕಿಯಿಂದ ಅಕ್ಕಿ ಮೂಟೆ ಇಳಿಸುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಎಡಗಡೆ ಮೂಲೆಯ ವೈರ್ ಮುಟ್ಟಿದರೆ ಬಿಸಿ. ಫ್ಯೂಸ್ ಬಾಕ್ಸ್ ತೆಗೆದು ನೋಡಿದೆ. ಕೆಂಪು ಫ್ಯೂಸ್ ಇದ್ದ ಜಾಗದಲ್ಲಿ ಹಳದಿ ಫ್ಯೂಸ್ ಕೂತಿತ್ತು. ಮುಚ್ಚಳದ ಚಿತ್ರದಲ್ಲಿ ಆ ಜಾಗಕ್ಕೆ 10 ಅಂತ ಬರೆದಿದೆ. ಕೆಂಪು ಅಂದರೆ 10 ಆಂಪ್ಸ್, ಹಳದಿ ಅಂದರೆ 20. ಅವರ "ಸ್ಟ್ರಾಂಗ್ ಫ್ಯೂಸ್" ಅಂದರೆ ಇದು. ಫ್ಯೂಸ್ ಹೋಗೋದು ನಿಲ್ಲಲಿ ಅಂತ ಹಾಕಿದ್ದಾರೆ, ವೈರ್ ಉಳಿಯಲಿ ಅಂತ ಅಲ್ಲ. ಆ ಸಣ್ಣ ವೈರ್ ಇರೋದು 10 ಆಂಪ್ಸ್ ಫ್ಯೂಸಿನ ಲೆಕ್ಕಕ್ಕೆ. ಅಲ್ಲಿ 20 ಹಾಕಿದರೆ ಫ್ಯೂಸ್ ಸುಡುವ ಮೊದಲು ವೈರ್ ಸುಡಬಹುದು. ಹಿಂದಿನ ಸೀಟಿನಲ್ಲಿ ನನ್ನ ಮಕ್ಕಳು ಕೂರುತ್ತಾರೆ. ಪೆಟ್ರೋಲ್ ಟ್ಯಾಂಕ್ ಇರೋದೂ ಅದೇ ಕಡೆ.

ಆಗಲೇ ಫ್ಯೂಸ್ ಕಿತ್ತು ಪಕ್ಕಕ್ಕಿಟ್ಟೆ. ಸಿದ್ದಾಪುರದಲ್ಲಿ ನಮ್ಮ ದೊಡ್ಡಪ್ಪನ ಮಗ ಇದ್ದಾನೆ, ತೋಟಗಳ ಸ್ಪ್ರಿಂಕ್ಲರ್ ಪಂಪಿನ ಮೋಟಾರ್ ರಿಪೇರಿ ಮಾಡೋನು. ಕರೆದೆ. ಬಂದವನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದ. ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಎರಡು, ಎಲ್ಲಾ 5 ವ್ಯಾಟ್ ಬಲ್ಬ್. ಒಟ್ಟು 30 ವ್ಯಾಟ್. 12 ವೋಲ್ಟಿಗೆ ಎರಡೂವರೆ ಆಂಪ್ಸ್. ಡ್ಯಾಶ್‌ಬೋರ್ಡಿನ ಲೈಟ್ ಸೇರಿಸಿದರೂ ಮೂರರ ಆಸುಪಾಸು. "ಮೂರು ಎಳೆಯೋ ಜಾಗದಲ್ಲಿ ಹತ್ತರ ಫ್ಯೂಸ್ ಹೋಗ್ತಿದೆ ಅಂದ್ರೆ ಲೋಡ್ ಜಾಸ್ತಿ ಆಗಿ ಅಲ್ಲ ಮಾರಾಯ. ವೈರ್ ಎಲ್ಲೋ ಕಾರಿನ ತಗಡಿಗೆ ತಾಗ್ತಿದೆ. ಬ್ರೇಕ್ ಲೈಟ್ ಸರಿ ಇದೆ, ಹಾಗಾಗಿ ಟೈಲ್ ಲೈಟಿನ ವೈರ್ ಮಾತ್ರ ನೋಡಿದ್ರೆ ಸಾಕು" ಅಂದ.

ಹೊಸ ಬಲ್ಬ್ ತೆಗೆದು ನೋಡಿದ. ಹಿಂದಿನ ಲೈಟಿನ ಬಲ್ಬ್ 21/5, ಒಳಗೆ ಎರಡು ಎಳೆ, 5 ವ್ಯಾಟಿನದು ಟೈಲಿಗೆ, 21 ವ್ಯಾಟಿನದು ಬ್ರೇಕಿಗೆ. ತಳದಲ್ಲಿ ಎರಡು ಬೊಟ್ಟು, ಪಕ್ಕದ ಎರಡು ಪಿನ್ ಮೇಲೆ ಕೆಳಗೆ ಇರುತ್ತವೆ. ಒಂದೇ ಬೊಟ್ಟಿನ ಬಲ್ಬ್ ಒತ್ತಿ ಕೂರಿಸಿದರೆ ಟೈಲ್, ಬ್ರೇಕ್ ಎರಡೂ ಒಂದಕ್ಕೊಂದು ಸೇರಿಬಿಡುತ್ತವಂತೆ, ಬ್ರೇಕ್ ಒತ್ತಿದರೆ ಪಾರ್ಕ್ ಲೈಟೆಲ್ಲಾ ಉರಿಯುತ್ತವಂತೆ. ನನಗೆ ಹಾಕಿದ್ದು ಸರಿಯಾದ ಬಲ್ಬೇ. ತೊಂದರೆ ಅದಲ್ಲ.

ಆಮೇಲೆ ಅವನು ಮಾಡಿದ್ದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ಹೊಸ ಫ್ಯೂಸ್ ಹಾಕಲಿಲ್ಲ. 21 ವ್ಯಾಟಿನ ಒಂದು ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ ತಂದಿದ್ದ. ಅದರ ಎರಡು ತುದಿಯನ್ನು ಫ್ಯೂಸಿನ ಎರಡು ಪಾಯಿಂಟಿಗೆ ಸಿಕ್ಕಿಸಿ ಪಾರ್ಕ್ ಲೈಟ್ ಹಾಕಿದ. ಶಾರ್ಟ್ ಇದ್ದರೆ ಪೂರ್ತಿ 12 ವೋಲ್ಟ್ ಆ ಬಲ್ಬಿಗೇ ಬಂದು ಅದು ಜಗ್ಗನೆ ಉರಿಯುತ್ತೆ. ಆದರೆ ಎರಡು ಆಂಪ್ಸಿಗಿಂತ ಜಾಸ್ತಿ ಹರಿಯೋಕೆ ಬಿಡಲ್ಲ. ಹಾಗಾಗಿ ವೈರ್ ಸುಡಲ್ಲ, ಫ್ಯೂಸ್ ಮೇಲೆ ಫ್ಯೂಸ್ ದಂಡವೂ ಆಗಲ್ಲ. ಬಲ್ಬ್ ಮಾತ್ರ ಸಿಕ್ಕಾಪಟ್ಟೆ ಬಿಸಿಯಾಗುತ್ತೆ, ಸೀಟಿನ ಬಟ್ಟೆಗೆ ತಾಗದ ಹಾಗೆ ನೇತು ಹಾಕಬೇಕು.

ಮೊದಲು ಮಂದವಾಗಿ ಉರಿಯಿತು. ನಾನು ಡಿಕ್ಕಿ ಹತ್ತಿರ ನಿಂತು ಎಡಗಡೆ ಲ್ಯಾಂಪನ್ನು ಕೈಯಿಂದ ಗುದ್ದಿದೆ. ಒಳಗಿಂದ ಅಣ್ಣ "ಜೋರಾಯ್ತು!" ಅಂತ ಕೂಗಿದ. ಬಲಗಡೆ ಗುದ್ದಿದರೆ ಏನೂ ಇಲ್ಲ. ಎಡಗಡೆ ಲ್ಯಾಂಪಿನ ನಟ್ ಬಿಚ್ಚಿ ಹೊರಗೆ ಎಳೆದೆವು. ಅಷ್ಟೇ. ಫ್ಯೂಸ್ ಜಾಗದ ಬಲ್ಬ್ ಸಣ್ಣಗಾಯಿತು, ನಂಬರ್ ಪ್ಲೇಟ್ ಲೈಟ್ ಕೆಂಪಗೆ ಮಿಣುಕ್ ಅಂತ ಉರಿಯಿತು. ಶಾರ್ಟ್ ಬಿಟ್ಟುಹೋಯಿತು ಅಂತ ಅರ್ಥ.

ಲ್ಯಾಂಪಿನ ಹಿಂದೆ ವೈರ್ ಕಟ್ಟು ಇದೆ. ಅದನ್ನು ತಗಡಿಗೆ ಕಚ್ಚಿಸುವ ಕ್ಲಿಪ್ ಬಿಚ್ಚಿಯೇ ಇತ್ತು, ವಾಪಸ್ ಹಾಕಿರಲಿಲ್ಲ. ಜೋತುಬಿದ್ದ ವೈರ್ ಮೇಲೇ ಲ್ಯಾಂಪ್ ತಳ್ಳಿ ನಟ್ ಬಿಗಿದಿದ್ದಾರೆ. ತಗಡಿನ ಅಂಚಿಗೆ ಒಂದು ವೈರ್ ಸಿಕ್ಕಿಕೊಂಡು ಚಪ್ಪಟೆಯಾಗಿ, ಮೇಲಿನ ಪ್ಲಾಸ್ಟಿಕ್ ಸೀಳಿ, ತಾಮ್ರದ ಎಳೆ ಹೊರಗೆ ಕಾಣುತ್ತಿತ್ತು. ಎಳೆಯ ತುದಿ ಕಪ್ಪಾಗಿತ್ತು. ತಗಡಿನ ಪೈಂಟಿನ ಮೇಲೂ ಒಂದು ಕಪ್ಪು ಚುಕ್ಕೆ. ಕಾರು ನಿಂತಾಗ ತಾಗುತ್ತಿರಲಿಲ್ಲ, ಗುಂಡಿಯಲ್ಲಿ ಕುಲುಕಿದಾಗ ತಾಗುತ್ತಿತ್ತು. ಅಂಗಡಿಯಲ್ಲಿ ಉರಿದು ರಸ್ತೆಯಲ್ಲಿ ಹೋಗುತ್ತಿದ್ದದ್ದು ಇದಕ್ಕೇ. ಮಳೆ ನೀರೂ ಅಲ್ಲ, ಎಂತದೂ ಅಲ್ಲ.

ಹಾಗಾದರೆ ಆ ಬೀಪ್? ಅದನ್ನೇ ಕೇಳಿದೆ. ಅಣ್ಣ ವೈರ್ ತಗಡಿನಿಂದ ದೂರ ಎತ್ತಿ ಹಿಡಿಯಲು ಹೇಳಿ, ತನ್ನ ಮೀಟರ್ ತೆಗೆದು ಅಂಗಡಿಯವರು ಇಟ್ಟಲ್ಲೇ ಕಡ್ಡಿ ಇಟ್ಟ. ಬೀಪ್! ಶಾರ್ಟ್ ಇಲ್ಲದಿದ್ದರೂ ಬೀಪ್. ಪಾರ್ಕ್ ಲೈಟಿನ ಬಲ್ಬುಗಳನ್ನು ಒಂದೊಂದಾಗಿ ಕಳಚುತ್ತಾ ಬಂದ. ಎಲ್ಲಾ ತೆಗೆದ ಮೇಲೆ ಸದ್ದು ನಿಂತಿತು. ಉರಿಯದೆ ತಣ್ಣಗಿರುವ 5 ವ್ಯಾಟ್ ಬಲ್ಬಿನ ಎಳೆ ಬರೀ ಎರಡು ಮೂರು ಓಮ್. ಅಂಥ ಆರು ಒಟ್ಟಿಗೆ ಸೇರಿದರೆ ಅರ್ಧ ಓಮ್ ಆಸುಪಾಸು. ಮೀಟರಿಗೆ ಅದೂ ಒಂದೇ, ಶಾರ್ಟೂ ಒಂದೇ. ಬಲ್ಬ್ ಹಾಕಿಟ್ಟು ಬೀಪ್ ನೋಡಿದರೆ ಒಳ್ಳೇ ಕಾರಿನಲ್ಲೂ ಬೀಪ್ ಬರುತ್ತೆ. ದಿನಾ ವೈರಿಂಗ್ ಕೆಲಸ ಮಾಡೋರಿಗೆ ಇದು ಗೊತ್ತಿರಲ್ವಾ? ಜನರ ಮುಂದೆ ನನಗೆ ಬೀಪ್ ಕೇಳಿಸಿ, ಮೀಟರ್ ಸುಳ್ಳು ಹೇಳುತ್ತಾ ಅಂತ ಕೇಳಿದವರಿಗೆ?

ರಿಪೇರಿ ಅಂತ ಮಾಡಿದ್ದು ಇಷ್ಟೇ. ಸೀಳಿದ ಜಾಗ ಕತ್ತರಿಸಿ, ಬೆಸುಗೆ ಹಾಕಿ, ಬಿಸಿ ಮಾಡಿದರೆ ಬಿಗಿಯಾಗುವ ಸ್ಲೀವ್ ಹಾಕಿದ. ಬರೀ ಇನ್ಸುಲೇಷನ್ ಟೇಪ್ ನಮ್ಮ ಮಳೆಗೆ ಬಿಟ್ಟುಬರುತ್ತೆ. 20ರ ಫ್ಯೂಸಿನಿಂದ ಬೇರೆ ಕಡೆ ವೈರ್ ಕರಗಿದೆಯಾ ಅಂತ ಡಿಕ್ಕಿಯ ಬದಿ ಬಿಚ್ಚಿ ಕೈಯಾಡಿಸಿ ನೋಡಿದ, ಒಂದು ಗೇಣು ಮೆತ್ತಗಾಗಿತ್ತು, ಅದನ್ನೂ ಬದಲಿಸಿದ. ಕ್ಲಿಪ್ ಅದರ ತೂತಿಗೆ ಕೂರಿಸಿ, ಲ್ಯಾಂಪ್ ಬಿಗಿದು, ಬಾಡಿ ಗುದ್ದಿ ನೋಡಿ, ಆಮೇಲೆ ಕೆಂಪು ಫ್ಯೂಸ್. ಘಾಟಿ ಇಳಿದು ಹತ್ತಿ ಬಂದಿದ್ದೇನೆ, ಫ್ಯೂಸ್ ಹಾಗೇ ಇದೆ.

ಅಡ್ವಾನ್ಸ್ ವಾಪಸ್ ಕೇಳಲು ಫೋನ್ ಮಾಡಿದೆ. "ನಾವು ಬಲ್ಬ್ ಹಾಕಿದ್ದು ಮಾತ್ರ ಸಾರ್, ವೈರ್ ಮುಟ್ಟೇ ಇಲ್ಲ" ಅಂದರು. ಲ್ಯಾಂಪ್ ಹೊರಗೆ ಎಳೆದು ಒಳಗೆ ತಳ್ಳಿದವರು ಯಾರು ಅಂದೆ. "ಇಲಿ ಕಚ್ಚಿರಬಹುದು." ಚಪ್ಪಟೆಯಾದ ವೈರಿನ ಫೋಟೋ ಕಳಿಸಿದೆ. "ಹಳೇ ಗಾಡಿ ಅಲ್ವಾ." 20ರ ಫ್ಯೂಸ್ ಯಾಕೆ ಹಾಕಿದ್ರಿ ಅಂದರೆ, "ಎಲ್ಲರಿಗೂ ಅದೇ ಹಾಕೋದು ಸಾರ್, ಯಾರೂ ಕಂಪ್ಲೇಂಟ್ ಮಾಡಿಲ್ಲ." ಎಲ್ಲರಿಗೂ ಅದೇ! ಅಲ್ಲಿ ಲೈಟ್ ಕೆಲಸ ಮಾಡಿಸಿದವರ ಕಾರಿನಲ್ಲೆಲ್ಲಾ ಏನಿದೆಯೋ. ಇವತ್ತೇ ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದು, ಅಲ್ಲಿ ಬರೆದ ನಂಬರಿಗೂ ಫ್ಯೂಸಿನ ಮೇಲಿನ ನಂಬರಿಗೂ ತಾಳೆ ನೋಡಿ. ಬಲ್ಬ್ ಹಾಕಿಸಿದ ಮೇಲೆ ಫ್ಯೂಸ್ ಹೋದರೆ ಅದೇ ಲ್ಯಾಂಪನ್ನು ನಿಮ್ಮ ಕಣ್ಣೆದುರು ಬಿಚ್ಚಿಸಿ, ಬಿಚ್ಚಲ್ಲ ಅಂದವರ ಹತ್ತಿರ ಒಂದು ರೂಪಾಯಿಯೂ ಕೊಡಬೇಡಿ. ಬೀಪ್ ಕೇಳಿಸಿದರೆ, ಬಲ್ಬೆಲ್ಲಾ ಕಳಚಿ ಇನ್ನೊಮ್ಮೆ ಕೇಳಿಸಿ ಅನ್ನಿ.

ನನ್ನ ಸಾವಿರ ಇನ್ನೂ ಬಂದಿಲ್ಲ. "ವೈರ್ ಆರ್ಡರ್ ಆಗಿದೆ ಸಾರ್, ಕ್ಯಾನ್ಸಲ್ ಆಗಲ್ಲ" ಅಂತ ಮೆಸೇಜ್ ಬಂದಿದೆ. ಆರ್ಡರ್ ಮಾಡಿದ ಬಿಲ್ ಕಳಿಸಿ ಅಂತ ಬರೆದಿದ್ದೇನೆ, ನೋಡಿದ್ದಾರೆ, ಉತ್ತರ ಇಲ್ಲ. ಸೋಮವಾರ ಆ ಹಳದಿ ಫ್ಯೂಸ್, ಕತ್ತರಿಸಿದ ವೈರಿನ ತುಂಡು ಎರಡನ್ನೂ ಹಿಡಿದು ಅಂಗಡಿಗೇ ಹೋಗುತ್ತಿದ್ದೇನೆ.