ಕ್ಲಿನಿಕ್ ವೆಬ್‌ಸೈಟಿನ ಪ್ರಪೋಸಲ್ ಪತ್ರ: ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ದಾವಣಗೆರೆಯಲ್ಲಿ ನಮ್ಮ ಅಕ್ಕ ಮಕ್ಕಳ ಕ್ಲಿನಿಕ್ ನಡೆಸುತ್ತಾಳೆ. ಕೌಂಟರ್, ಲೆಕ್ಕ, ಫೋನು ಎಲ್ಲ ನಾನು ನೋಡಿಕೊಳ್ಳುತ್ತೇನೆ. ಆನ್‌ಲೈನ್ ಬುಕಿಂಗ್ ವೆಬ್‌ಸೈಟ್ ಮಾಡಿಸಲು ಹೋಗಿ ದುಡ್ಡೂ ಹೋಯಿತು, ಜನರ ಹತ್ತಿರ ಬೈಸಿಕೊಂಡಿದ್ದೂ ಆಯಿತು. ಮಾಡಿದವರ ಹೆಸರು ಹೇಳುವುದಿಲ್ಲ. ಆದರೆ ಅವರ ಪ್ರಪೋಸಲ್ ಪತ್ರದಲ್ಲಿ ಏನಿತ್ತು, ಏನಿರಲಿಲ್ಲ ಅನ್ನುವುದು ಬೇರೆ ಕ್ಲಿನಿಕ್‌ನವರಿಗೂ ಗೊತ್ತಿರಲಿ.

ಪತ್ರ ಎರಡೇ ಪುಟ. ಕೆಲಸ: "ರೋಗಿಗಳಿಗೆ ಆನ್‌ಲೈನ್ ಅಪಾಯಿಂಟ್‌ಮೆಂಟ್ ಬುಕಿಂಗ್, 5,000 ಎಸ್‌ಎಂಎಸ್ ಸಹಿತ." ಅವಧಿ: ಆರು ವಾರ. ವೆಚ್ಚ: 60,000 ರೂಪಾಯಿ, ತೆರಿಗೆ ಪ್ರತ್ಯೇಕ. ಶೇ. 18 ಜಿಎಸ್‌ಟಿ ಸೇರಿದರೆ 70,800 ಆಗುತ್ತದೆ. ಆ ಮೊತ್ತ ಮಾತ್ರ ಪತ್ರದಲ್ಲಿ ಎಲ್ಲೂ ಇರಲಿಲ್ಲ!

"ರೋಗಿಗಳಿಗೆ" ಅಂತ ಬರೆದಿದ್ದಾರಲ್ವಾ, ಅಲ್ಲೇ ಇರುವುದು ಪೇಚು. ನಮ್ಮ ಕಡೆ ಎಲ್ಲರೂ ಮೊದಲೇ ಬುಕ್ ಮಾಡಿ ಬರುವುದಿಲ್ಲ. ಹರಿಹರ, ಜಗಳೂರು ಕಡೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಸೀದಾ ಬಂದು ಟೋಕನ್ ತಗೊಂಡು ಕೂರುತ್ತಾರೆ. ವೆಬ್‌ಸೈಟ್ ತನ್ನ ಪಾಡಿಗೆ ಹದಿನೈದು ನಿಮಿಷಕ್ಕೊಂದರಂತೆ ಸಮಯ ಹಂಚುತ್ತಿತ್ತು. ನಮ್ಮ ಹುಡುಗಿ ಕೌಂಟರಿನಲ್ಲಿ ಅದೇ ಹೊತ್ತಿಗೆ ಪುಸ್ತಕ ನೋಡಿ ಟೋಕನ್ ಕೊಡುತ್ತಿದ್ದಳು. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಶುರುವಾದ ಮೊದಲ ಸೋಮವಾರವೇ ಒಬ್ಬ ತಾಯಿ ಮೊಬೈಲ್ ತೋರಿಸಿ "ಹನ್ನೊಂದಕ್ಕೆ ಅಂತ ಮೆಸೇಜ್ ಬಂದೈತಿ" ಅಂದರು. "ನಾವು ಒಂಬತ್ತಕ್ಕೇ ಬಂದು ಕುಂತೀವ್ರಿ" ಅಂತ ಬೆಂಚಿನಿಂದ ಕೂಗು. ಇಬ್ಬರ ಮಾತೂ ನಿಜ.

ವೆಬ್‌ಸೈಟ್ ಮಾಡಿದವರಿಗೆ ಫೋನ್ ಮಾಡಿದರೆ ಉತ್ತರ ತಣ್ಣಗಿತ್ತು: "ಸರ್, ಕೌಂಟರ್ ಸ್ಕ್ರೀನ್ ಸ್ಕೋಪ್‌ನಲ್ಲಿ ಇಲ್ಲ. ಅದು ಚೇಂಜ್ ರಿಕ್ವೆಸ್ಟ್, 22,000 ಆಗುತ್ತೆ." ಅಂದರೆ ಒಪ್ಪಿದ ಕೆಲಸದಲ್ಲಿ ಅದು ಸೇರಿಲ್ಲ, ಬೇಕಾದರೆ ಬೇರೆ ದುಡ್ಡು. ಡಾಕ್ಟರಿಗೆ ತುರ್ತು ಕರೆ ಬಂದರೆ ಆ ಹೊತ್ತಿನ ಬುಕಿಂಗ್ ನಿಲ್ಲಿಸುವ ಬಟನ್? ಅದೂ ಇಲ್ಲ. ನಮ್ಮ ಕ್ಲಿನಿಕ್‌ಗೆ ಬಂದು ಅರ್ಧ ಗಂಟೆ ಕೂತು, ಟೋಕನ್ ಪುಸ್ತಕ ನೋಡಿ ಹೋದವರು ಬರೆದ ಪತ್ರ ಇದು. ಅದಕ್ಕೇ ನನಗೆ ಜಾಸ್ತಿ ಸಿಟ್ಟು. ನೇರವಾಗಿ ಬಂದವರೂ ಆನ್‌ಲೈನ್‌ನವರೂ ಒಂದೇ ಪಟ್ಟಿಯಲ್ಲಿ ಬರಬೇಕು, ಆ ಪಟ್ಟಿಯನ್ನು ಕೌಂಟರಿನಲ್ಲಿ ತಿದ್ದುವಂತಿರಬೇಕು. ಈ ಸಾಲು ಪತ್ರದಲ್ಲಿ ಇಲ್ಲದಿದ್ದರೆ ಬರೆಸಿಕೊಳ್ಳಿ. ಪರೀಕ್ಷೆಯನ್ನೂ ಬರೆಸಿ: ಎರಡು ಫೋನಿನಲ್ಲಿ ಒಂದೇ ಸಮಯವನ್ನು ಒಟ್ಟಿಗೆ ಒತ್ತಿದರೆ ಒಬ್ಬರಿಗೆ ಮಾತ್ರ ಸಿಗಬೇಕು. ನಮ್ಮದರಲ್ಲಿ ಇಬ್ಬರಿಗೂ ಸಿಗುತ್ತಿತ್ತು.

ಇನ್ನು ಆ 5,000 ಎಸ್‌ಎಂಎಸ್ ಕಥೆ. ವ್ಯಾಪಾರದವರು ಸುಮ್ನೆ ಎಸ್‌ಎಂಎಸ್ ಕಳಿಸುವಂತಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮದ ಪ್ರಕಾರ ಮೊಬೈಲ್ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ಕ್ಲಿನಿಕ್ ಹೆಸರು, ಮೆಸೇಜಿನ ಮೇಲೆ ಕಳಿಸುವವರ ಹೆಸರಾಗಿ ಕಾಣುವ ಹೆಡರ್, ಮೆಸೇಜಿನ ಒಕ್ಕಣೆ ಮೂರೂ ನೋಂದಣಿ ಆಗಬೇಕು. ಒಪ್ಪಿಗೆಯಾದ ಒಕ್ಕಣೆಗೆ ಹೊಂದದ ಮೆಸೇಜ್ ಹೋಗುವುದೇ ಇಲ್ಲ. ಇದಕ್ಕೆ ದಾಖಲೆ, ಶುಲ್ಕ, ಕಾಯುವ ದಿನ ಎಲ್ಲ ನಮ್ಮ ತಲೆಗೆ ಬಂತು. ಪತ್ರದಲ್ಲಿ ಡಿಎಲ್‌ಟಿ ಅನ್ನುವ ಮಾತೇ ಇರಲಿಲ್ಲ.

ಮೇಲಾಗಿ ನಮಗೆ ಬೇಕಿದ್ದು ಕನ್ನಡದ ಮೆಸೇಜ್. ಇಂಗ್ಲಿಷಿನಲ್ಲಾದರೆ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ. ಅದಕ್ಕಿಂತ ಉದ್ದವಾದರೆ ತುಂಡಾಗುತ್ತದೆ, ಒಂದೊಂದು ತುಂಡಿನಲ್ಲಿ 67. ಗುಣಿತದ ಚಿಹ್ನೆ, ಒತ್ತು ಎಲ್ಲ ಬೇರೆ ಬೇರೆಯಾಗಿಯೇ ಎಣಿಕೆಗೆ ಬರುತ್ತವೆ. ಮಗುವಿನ ಹೆಸರು, ದಿನಾಂಕ, ಸಮಯ, ಕ್ಲಿನಿಕ್ ಹೆಸರು, ಫೋನ್ ನಂಬರ್ ಸೇರಿ ನಮ್ಮದು 150ರ ಹತ್ತಿರ ಬಂತು. ಅಂದರೆ ಮೂರು ಎಸ್‌ಎಂಎಸ್ ಲೆಕ್ಕ. 5,000 ಅಂದಿದ್ದು 1,666 ಮಂದಿಗೆ ಮುಗಿಯುತ್ತದೆ. ಯಾವ ಭಾಷೆಯ, ಎಷ್ಟು ಉದ್ದದ ಮೆಸೇಜಿಗೆ ಈ ಲೆಕ್ಕ ಅಂತ ಪತ್ರದಲ್ಲೇ ಕೇಳಿ.

ಅವಧಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಆರು ವಾರ ಶುರುವಾಗುವುದು "ಎಲ್ಲ ಮಾಹಿತಿ ಕೈಸೇರಿದ ದಿನದಿಂದ". ಆ ದಿನ ಯಾವುದು ಅಂತ ತೀರ್ಮಾನಿಸುವವರು ಅವರೇ. ಒಂದು ಫೋಟೊ ಬಾಕಿ ಇದ್ದರೂ ಶುರುವಾಗಿಲ್ಲ ಅನ್ನುತ್ತಿದ್ದರು. ಹಣ ಮಾತ್ರ ಕ್ಯಾಲೆಂಡರ್ ನೋಡಿ ಕೊಡಬೇಕು: ಅರ್ಧ ಮುಂಗಡ, 40 ದಿನಕ್ಕೆ ಇನ್ನು ಶೇ. 40. ಹೀಗಾಗಿ ವೆಬ್‌ಸೈಟ್ ಕಣ್ಣಿಗೆ ಕಾಣುವ ಮುಂಚೆಯೇ ಶೇ. 90 ಹಣ ಅವರ ಕೈಸೇರಿತ್ತು. ಎರಡನೇ ಕಂತನ್ನು ದಿನಕ್ಕಲ್ಲ, ಕೆಲಸಕ್ಕೆ ಕಟ್ಟಿ. ಕೌಂಟರಿನಲ್ಲಿ ಒಂದು ವಾರ ನಿಜವಾದ ಬುಕಿಂಗ್ ನಡೆದ ಮೇಲೆ ಅಂತ ಬರೆದರೆ ವಾದಕ್ಕೆ ಜಾಗ ಇರುವುದಿಲ್ಲ.

ಈಗ ಇಲ್ಲಿಯದೇ ಒಬ್ಬ ಹುಡುಗ ಹೊಸದಾಗಿ ಮಾಡಿಕೊಡುತ್ತಿದ್ದಾನೆ. ಅವನ ಪತ್ರದಲ್ಲಿ "ಇದರಲ್ಲಿ ಸೇರಿಲ್ಲ" ಅಂತ ಅರ್ಧ ಪುಟ ಇದೆ. ಅದನ್ನು ಓದಿಯೇ ಅಕ್ಕ ಒಪ್ಪಿಕೊಂಡಳು. ಡೊಮೇನ್ ಕ್ಲಿನಿಕ್‌ನ ಇಮೇಲ್‌ನಿಂದಲೇ ಕೊಳ್ಳಬೇಕು, ಪಾಸ್‌ವರ್ಡ್ ನಮ್ಮ ಹತ್ತಿರ ಇರಬೇಕು ಅಂತಲೂ ಅವನೇ ಬರೆದಿದ್ದಾನೆ. ಹಳೆಯ ಡೊಮೇನ್ ಆ ಕಂಪನಿಯ ಹೆಸರಿನಲ್ಲಿದೆ. ಬಿಟ್ಟುಕೊಡಿ ಅಂದರೆ ಬಾಕಿ ಶೇ. 10 ಕೊಡಿ ಅನ್ನುತ್ತಾರೆ. ನಮ್ಮ ಚೀಟಿಗಳ ಮೇಲೆಲ್ಲ ಅಚ್ಚಾಗಿರುವುದು ಅದೇ ವಿಳಾಸ.