ಆ್ಯಶ್, ಗೋಲ್ಡನ್, ಕಾಪರ್, ವಯೊಲೆಟ್, ಮಹಾಗನಿ: ಒಂದೇ ಕೂದಲಿಗೆ ಐದು ಟ್ಯೂಬ್ ಹಚ್ಚಿ ನೋಡಿದಾಗ

ಅಕ್ಕ ಈಚೆಗೆ ಪಾರ್ಲರ್‌ಗೆ ಹೋಗಿ ತಲೆಗೆ ಆ್ಯಶ್ ಬ್ರೌನ್ ಹಾಕಿಸಿಕೊಂಡು ಬಂದಳು. ತಲೆಯ ಹಿಂಭಾಗದ ಕೂದಲು ಕಾಫಿಪುಡಿ ಬಣ್ಣಕ್ಕೆ ತಿರುಗಿ ಚೆನ್ನಾಗಿಯೇ ಇತ್ತು. ಕಿವಿಯ ಮುಂದೆ ಬಿಳಿ ಕೂದಲು ಜಾಸ್ತಿ ಇದ್ದ ಕಡೆ ಮಾತ್ರ ಮಂಕು ಬೂದಿ, ಬಿಸಿಲಿಗೆ ಬಂದರೆ ಸ್ವಲ್ಪ ನೀಲಿ. "ಒಂದೇ ಬಟ್ಟಲಲ್ಲಿ ಕಲಸಿದ್ದು ಕಣೇ, ಎರಡು ಥರ ಹೇಗೆ ಬಂತು?" ಅಂತ ಬೇಜಾರು ಮಾಡಿಕೊಂಡಳು.

ಉತ್ತರ ನನಗೆ ಅರ್ಧಂಬರ್ಧ ಗೊತ್ತಿತ್ತು. ಪೂರ್ತಿ ತಿಳಿಯಲೇಬೇಕು ಅನ್ನಿಸಿತು. ನನ್ನ ಕೂದಲಿಗೆ ಇದುವರೆಗೂ ಬಣ್ಣ ತಾಗಿಲ್ಲ, ಬಿಳಿಯೂ ಸಾಕಷ್ಟಿದೆ. ತುದಿ ಕತ್ತರಿಸಿಕೊಂಡಾಗ ಬಂದದ್ದನ್ನು ಎತ್ತಿಟ್ಟುಕೊಂಡೆ. ಕಪ್ಪು ಟವೆಲ್ ಮೇಲೆ ಹರಡಿ ಬಿಳಿ ಎಳೆಗಳನ್ನು ಆರಿಸಿದೆ. ಆರು ಕಪ್ಪು ಕುಚ್ಚು, ಆರು ಬಿಳಿ ಕುಚ್ಚು ಮಾಡಿ ನೂಲಿನಲ್ಲಿ ಕಟ್ಟಿದೆ. ಚಿಕ್ಕಪೇಟೆಯ ಸಗಟು ಅಂಗಡಿಯಿಂದ ಒಂದೇ ಕಂಪನಿಯ ಆರು ಟ್ಯೂಬ್ ತಂದೆ. ಎಲ್ಲವೂ 5ನೇ ಲೆವೆಲ್, ಅಂದರೆ ತಿಳಿ ಬ್ರೌನ್. ಐದು ಟ್ಯೂಬ್‌ಗೆ ಐದು ಛಾಯೆ, ಆರನೆಯದು ಛಾಯೆ ಇಲ್ಲದ ನ್ಯಾಚುರಲ್. ಪ್ರತಿಯೊಂದರಲ್ಲೂ 10 ಗ್ರಾಂ ಬಣ್ಣಕ್ಕೆ 15 ಗ್ರಾಂ 6% ಡೆವಲಪರ್, ಅಂದರೆ ಬಣ್ಣದ ಜೊತೆ ಬೆರೆಸುವ ಪೆರಾಕ್ಸೈಡ್, ಕಲಸಿ ಒಂದು ಕಪ್ಪು, ಒಂದು ಬಿಳಿ ಕುಚ್ಚಿಗೆ ಹಚ್ಚಿ 35 ನಿಮಿಷ ಬಿಟ್ಟೆ.

ಟ್ಯೂಬ್ ಮೇಲಿನ ನಂಬರ್ ಬಗ್ಗೆ ಒಂದು ಮಾತು. ಚುಕ್ಕೆಯ ಹಿಂದಿನ ಅಂಕಿ ಎಷ್ಟು ಗಾಢ ಅಂತ ಹೇಳುತ್ತದೆ: 1 ಅಂದರೆ ಕಪ್ಪು, 10 ಅಂದರೆ ತೀರಾ ತಿಳಿ. ಚುಕ್ಕೆಯ ಮುಂದಿನದು ಛಾಯೆ. ನಾನು ತಂದದ್ದರಲ್ಲಿ 5.0 ನ್ಯಾಚುರಲ್, 5.1 ಆ್ಯಶ್, 5.2 ವಯೊಲೆಟ್, 5.3 ಗೋಲ್ಡನ್, 5.4 ಕಾಪರ್, 5.5 ಮಹಾಗನಿ. ಇದು ಎಲ್ಲ ಕಂಪನಿಗೂ ಒಂದೇ ಅಲ್ಲ. ಒಂದರಲ್ಲಿ 4 ಅಂದರೆ ಕಾಪರ್, ಇನ್ನೊಂದರಲ್ಲಿ ಅದೇ 4 ಕೆಂಪು. ಕಂಪನಿ ಬದಲಾಯಿಸಿದರೆ ನಂಬರ್ ನಂಬಬೇಡಿ, ಅವರ ಶೇಡ್ ಕಾರ್ಡ್ ನೋಡಿ.

ಮೊದಲು ನ್ಯಾಚುರಲ್ ಕುಚ್ಚನ್ನು ನೋಡಿದೆ. ಬಿಳಿ ಕೂದಲು ಸಾದಾ ಬ್ರೌನ್ ಆಗಿತ್ತು. ಕಪ್ಪು ಕೂದಲು ಮಾತ್ರ ಕೆಂಪು ಮಿಶ್ರಿತ ಗಾಢ ಬ್ರೌನ್. ಟ್ಯೂಬ್‌ನಲ್ಲಿ ಕೆಂಪಿಲ್ಲ, ಆದರೂ ಕೆಂಪು ಬಂತು. ಎಲ್ಲಿಂದ? ಕೂದಲಿನ ಒಳಗಿಂದಲೇ. ಡೆವಲಪರ್ ಕಪ್ಪನ್ನು ಒಂದೆರಡು ಮೆಟ್ಟಿಲು ತಿಳಿ ಮಾಡುತ್ತದೆ. ನಮ್ಮ ಕಪ್ಪು ಕೂದಲು ತಿಳಿಯಾಗುವಾಗ ಮೊದಲು ಕೆಂಪು ಹೊರಬರುತ್ತದೆ, ಇನ್ನೂ ತಿಳಿಯಾದರೆ ಕಿತ್ತಳೆ, ಕೊನೆಗೆ ಹಳದಿ. ಬಿಳಿ ಕೂದಲಿನಲ್ಲಿ ಹೀಗೆ ಹೊರಬರೋಕೆ ಒಳಗೆ ಬಣ್ಣವೇ ಇಲ್ಲ. ಕವರ್ ಮೇಲಿನ ಹೆಸರು ಮೇಲಿಂದ ಹಾಕುವ ಛಾಯೆಯದು ಮಾತ್ರ. ಕಣ್ಣಿಗೆ ಕಾಣುವುದು ಅದೂ ಒಳಗಿನದೂ ಬೆರೆತದ್ದು.

ಆ್ಯಶ್ ಕುಚ್ಚುಗಳಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಆ್ಯಶ್ ಅಂದರೆ ಬೂದಿ ಬಣ್ಣ ಅಂತಲೇ ನಾವು ಅಂದುಕೊಳ್ಳುತ್ತೇವೆ. ಟ್ಯೂಬ್‌ನೊಳಗೆ ಇರುವುದು ನೀಲಿ, ಕೆಲವು ಕಂಪನಿಗಳಲ್ಲಿ ಹಸಿರು ಬೆರೆತ ನೀಲಿ. ಹಳದಿ ತಿರುಗಿದ ಬಿಳಿ ಪಂಚೆಯನ್ನು ನೀಲಿ ನೀರಿಗೆ ಅದ್ದುತ್ತೇವಲ್ಲ, ಅದೇ ಲೆಕ್ಕ. ಕಪ್ಪು ಕುಚ್ಚಿನಲ್ಲಿ ಹೊರಬಂದ ಕೆಂಪು, ಕಿತ್ತಳೆಯಂಥ ಬಿಸಿ ಬಣ್ಣವನ್ನು ಈ ನೀಲಿ ತಣ್ಣಗೆ ಮಾಡಿತ್ತು. ಕಾಫಿಪುಡಿಯಂಥ ಬ್ರೌನ್, ಬಿಸಿಲಲ್ಲೂ ಕೆಂಪು ಇಲ್ಲ. ಐದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದೇ. ಬಿಳಿ ಕುಚ್ಚಿನಲ್ಲಿ ಆ ನೀಲಿಗೆ ಕೆಲಸವೇ ಇರಲಿಲ್ಲ. ಹಳದಿ ಇಲ್ಲದ ಪಂಚೆಗೆ ನೀಲಿ ಜಾಸ್ತಿಯಾದರೆ ಏನಾಗುತ್ತದೋ ಹಾಗೆ, ಉಳಿದ ನೀಲಿ ಮೇಲೆಯೇ ಕೂತಿತ್ತು. ಅಕ್ಕನ ಕಿವಿಯ ಮುಂದಿನ ಬಣ್ಣವೇ ನನ್ನ ಕೈಯಲ್ಲಿತ್ತು.

ಕಾಪರ್ ಇದಕ್ಕೆ ಪೂರ್ತಿ ಎದುರು. ಇದರಲ್ಲಿ ಕಿತ್ತಳೆ ಮತ್ತು ಕೆಂಪು. ಕಪ್ಪು ಕೂದಲಿನಿಂದ ಹೊರಬರುವುದೂ ಅದೇ ಜಾತಿಯ ಬಣ್ಣ, ಹಾಗಾಗಿ ಒಂದಕ್ಕೊಂದು ಸೇರಿ ಹೆಚ್ಚಾಗುತ್ತದೆ. ಕಪ್ಪು ಕುಚ್ಚು ಮನೆಯೊಳಗೆ ಗಾಢ ಬ್ರೌನ್, ತಾರಸಿಗೆ ಒಯ್ದರೆ ಹುಣಸೆಹಣ್ಣಲ್ಲಿ ತಿಕ್ಕಿದ ಹಂಡೆಯ ಹೊಳಪು. ತುಂಬಾ ಚೆಂದ. ಬಿಳಿ ಕುಚ್ಚು ಮಾತ್ರ ಮೆಹಂದಿ ಹಚ್ಚಿದ ನರೆಗೂದಲಿನ ಹಾಗೆ ಉರಿಯುವ ಕಿತ್ತಳೆ. ಬಿಳಿ ಜಾಸ್ತಿ ಇರುವವರು ಬರೀ ಕಾಪರ್ ಹಚ್ಚಬಾರದು. ನ್ಯಾಚುರಲ್ ಟ್ಯೂಬ್ ಅರ್ಧಕ್ಕೆ ಅರ್ಧ ಬೆರೆಸಿದರೆ ಆ ಉರಿ ತಗ್ಗುತ್ತದೆ.

ಗೋಲ್ಡನ್ ಹೆಸರು ಕೇಳಿ ಬಂಗಾರದ ಕೂದಲು ಬರುತ್ತದೆ ಅಂತ ಕಾಯಬೇಡಿ. ಅದು ಹಳದಿ ಛಾಯೆ, ಅಷ್ಟೇ. ಕಪ್ಪು ಕುಚ್ಚಿನಲ್ಲಿ ಒಳಗಿನ ಕೆಂಪಿನ ಜೊತೆ ಸೇರಿ ಬೆಲ್ಲದ ಬಣ್ಣದ ಬಿಸಿ ಬ್ರೌನ್ ಆಯಿತು, ನ್ಯಾಚುರಲ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಬಿಳಿಯ ಮೇಲೆ ಮಾತ್ರ ಹಿತವಾದ ತಿಳಿ ಬ್ರೌನ್. ಬಿಳಿ ಕೂದಲಿಗೆ ಇಲ್ಲದ ಬಿಸಿಯನ್ನು ಇದು ತುಂಬಿಕೊಡುತ್ತದೆ. ಈ ಗುಣ ಆಮೇಲೆ ಉಪಯೋಗಕ್ಕೆ ಬಂತು.

ವಯೊಲೆಟ್ ಇರುವುದು ಹಳದಿಯನ್ನು ಅಳಿಸಲು. ತುಂಬಾ ತಿಳಿ ಮಾಡಿದ ಕೂದಲಿನಲ್ಲಿ ಅದಕ್ಕೆ ಕೆಲಸ. ನನ್ನ ಕಪ್ಪು ಕುಚ್ಚಿನಲ್ಲಿ ಅಳಿಸಲು ಹಳದಿಯೇ ಹೊರಬಂದಿರಲಿಲ್ಲ. ಟ್ಯೂಬ್‌ಲೈಟ್ ಕೆಳಗೆ ಏನೂ ಕಾಣಲಿಲ್ಲ, ಬಿಸಿಲಲ್ಲಿ ನೇರಳೆಹಣ್ಣಿನ ಸಿಪ್ಪೆಯ ಒಂದು ಮಿಂಚು. ಮಹಾಗನಿ ಅಂದರೆ ಕೆಂಪಿನ ಜೊತೆ ಸ್ವಲ್ಪ ನೇರಳೆ. ಹೀಗಾಗಿ ಅದು ಕೆಂಪಾದರೂ ಕಾಪರ್‌ನಷ್ಟು ಬಿಸಿ ಕೆಂಪಲ್ಲ. ಎರಡನ್ನೂ ಕಿಟಕಿ ಹತ್ತಿರ ಪಕ್ಕಪಕ್ಕ ಹಿಡಿದರೆ ಕಾಪರ್ ಕಿತ್ತಳೆ ಕಡೆ ವಾಲುತ್ತದೆ, ಮಹಾಗನಿ ಬೀಟ್‌ರೂಟ್ ಕಡೆ. ಕೆಂಪು ಬೇಕು, ಕಿತ್ತಳೆ ಬೇಡ ಅನ್ನುವವರಿಗೆ ಮಹಾಗನಿಯೇ ಸರಿ.

ಆಮೇಲೆ ಎಲ್ಲ ಕುಚ್ಚನ್ನೂ ನಮ್ಮ ಬೋರ್‌ವೆಲ್ ನೀರಲ್ಲಿ, ಮನೆಯ ಶಾಂಪೂವಿನಲ್ಲಿ ಹತ್ತು ಸಲ ತೊಳೆದೆ. ಕಾಪರ್‌ನ ನೊರೆ ಕೊನೆಯವರೆಗೂ ಕಿತ್ತಳೆಯಾಗಿಯೇ ಬಂತು, ಹೊಳಪು ಎದ್ದು ಕಾಣುವಷ್ಟು ಇಳಿದಿತ್ತು. ಆ್ಯಶ್‌ನ ಕಪ್ಪು ಕುಚ್ಚು ಮತ್ತೆ ಕೆಂಪಿಗೆ ತಿರುಗಿತ್ತು. ನೀಲಿ ತೊಳೆದುಹೋದರೆ ಅದು ಅಡಗಿಸಿಟ್ಟ ಬಣ್ಣ ಮತ್ತೆ ಕಾಣುತ್ತದೆ. ಬದಲಾವಣೆ ಕಡಿಮೆ ಕಂಡದ್ದು ನ್ಯಾಚುರಲ್ ಮತ್ತು ಗೋಲ್ಡನ್‌ನಲ್ಲಿ.

ಅಕ್ಕನ ತಲೆಗೆ ಬರೋಣ. ಕಿವಿ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದೆವು. ತುರಿಕೆ, ಉರಿ ಏನೂ ಬರಲಿಲ್ಲ. ಎರಡು ಬಟ್ಟಲು ಇಟ್ಟುಕೊಂಡೆ. ಒಂದರಲ್ಲಿ 5.0 ಮತ್ತು 5.3, ತಲಾ 10 ಗ್ರಾಂ. ಇದನ್ನು ಕಿವಿಯ ಮುಂದಿನ ಬಿಳಿಗೆ, ನೀಲಿ ಹಿಡಿದಿದ್ದ ಉದ್ದಕ್ಕೂ ಹಚ್ಚಿದೆ. ಇನ್ನೊಂದರಲ್ಲಿ 5.0 ಮತ್ತು 5.1, ತಲಾ 15 ಗ್ರಾಂ. ಇದು ಹಿಂದೆ ಹೊಸದಾಗಿ ಬಂದ ಅರ್ಧ ಇಂಚು ಕಪ್ಪು ಬುಡಕ್ಕೆ ಮಾತ್ರ. ಬಿಸಿ ಇಲ್ಲದ ಕಡೆ ಬಿಸಿ ಕೊಟ್ಟೆ, ಇರುವ ಕಡೆ ತಗ್ಗಿಸಿದೆ. ಹಿಂಭಾಗದ ಹಳೇ ಉದ್ದಕ್ಕೆ ಏನೂ ಮುಟ್ಟಿಸಲಿಲ್ಲ. ಅದರ ಬಣ್ಣ ಸರಿಯಾಗಿಯೇ ಇತ್ತು, ಮೇಲೆ ಮೇಲೆ ಹಚ್ಚಿದರೆ ಗಾಢವಾಗುತ್ತಾ ಹೋಗುತ್ತದೆ.

ತೊಳೆದು ಒಣಗಿಸಿ ವರಾಂಡಕ್ಕೆ ಕರೆದುಕೊಂಡು ಹೋದೆ. ಕಿವಿಯ ಮುಂದಿನ ನೀಲಿ ಪೂರ್ತಿ ಹೋಗಿತ್ತು. ತಲೆಯ ಹಿಂಭಾಗಕ್ಕಿಂತ ಒಂದು ಎಳೆ ತಿಳಿ ಇರಬಹುದು, ಆದರೆ ಬಣ್ಣದ ಜಾತಿ ಒಂದೇ. ಅಕ್ಕ ಕನ್ನಡಿಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿ, ಎರಡು ಬಟ್ಟಲಿನ ಲೆಕ್ಕವನ್ನು ಚೀಟಿಯಲ್ಲಿ ಬರೆಸಿಕೊಂಡು ಹೋದಳು.