ಬಿಲ್ಲು ಬಾರದಿದ್ದರೆ ಸಪ್ಲೈಯರ್ ಫೋನಲ್ಲಿ ಹೇಳಿದ ಮೊತ್ತವನ್ನು ನಂಬಿ ಪ್ರೊವಿಷನ್ ಹಾಕಬೇಡಿ

ತಿಂಗಳ ಕೊನೆಗೆ ಬಿಲ್ಲಿಗೆ ಕಾಯ್ತಾ ಕೂರುವ ಅಕೌಂಟ್ಸ್‌ನವರು ದಯವಿಟ್ಟು ಇದನ್ನು ಓದಿ. ನಾನು ಮಲ್ಪೆ ಕಡೆಯ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು. ಈ ಕೆಲಸಕ್ಕೆ ಹನ್ನೊಂದು ವರ್ಷ ಆಯಿತು. ಈ ಸಲ ಒಂದೇ ದುರಸ್ತಿಯ ಖರ್ಚು ನಮ್ಮ ಪುಸ್ತಕದಲ್ಲಿ ಎರಡು ಸಲ ಕೂತಿತ್ತು, ಅದೂ ಎರಡು ಬೇರೆ ಬೇರೆ ಮೊತ್ತದಲ್ಲಿ. ಹಿಡಿದದ್ದು ಧನಿಗಳು, ನಾನಲ್ಲ. ಎಲ್ಲರ ಎದುರು. ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಕಂಪ್ರೆಸರ್ ಬಿಚ್ಚಿ ಓವರ್‌ಹಾಲ್ ಮಾಡುವುದೆಲ್ಲ ನಮ್ಮಲ್ಲಿ ಮಳೆಗಾಲದ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಕಡಲಿಗೆ ಇಳಿಯುವುದಿಲ್ಲ, ಐಸಿಗೆ ಬೇಡಿಕೆ ಇಲ್ಲ, ಆಗ ನಿಧಾನಕ್ಕೆ ಮಾಡಿಸುತ್ತೇವೆ. ಆದರೆ 2025ರ ಮಾರ್ಚ್‌ನಲ್ಲಿ ದೊಡ್ಡ ಕಂಪ್ರೆಸರ್ ಸದ್ದು ಮಾಡಲು ಶುರು ಮಾಡಿತು. ಸೀಸನ್ ಮಧ್ಯೆ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಹೊರಗಿನ ಒಂದು ಪಾರ್ಟಿಗೆ 1,80,000 ರೂಪಾಯಿಗೆ ಪಿಒ ಕೊಟ್ಟೆವು, ಜಿಎಸ್‌ಟಿ ಬೇರೆ. ಅವರು ಮಾರ್ಚ್ 18ಕ್ಕೆ ಬಂದು 27ಕ್ಕೆ ಮುಗಿಸಿ ಹೋದರು. ಕೆಲಸ ಚೆನ್ನಾಗಿಯೇ ಮಾಡಿದ್ದರು. ಅದರ ಬಗ್ಗೆ ನನ್ನ ತಕರಾರು ಇಲ್ಲ.

ಬಿಲ್ಲು ಮಾತ್ರ ಬರಲಿಲ್ಲ. 28ಕ್ಕೆ ಫೋನ್ ಮಾಡಿದೆ, 29ಕ್ಕೆ ಮಾಡಿದೆ. 31ರ ಸಂಜೆ ನಾಲ್ಕೂವರೆಗೆ ಅವರ ಆಫೀಸಿನವರು ಫೋನ್ ಎತ್ತಿದರು. ಆ ಮಾತು ನನಗೆ ಹಾಗೆಯೇ ನೆನಪಿದೆ.

"ಮೇಡಂ, ಪಿಒ ಅಮೌಂಟೇ ಅಲ್ವಾ, ಅದನ್ನೇ ಹಾಕಿ. ಬಿಲ್ಲು ನಾಳೆ ವಾಟ್ಸಾಪ್ ಮಾಡ್ತೇವೆ."

ನಾನು ಕೇಳಿದೆ, "ಎಕ್ಸ್‌ಟ್ರಾ ಎಂತದ್ದಾದರೂ ಉಂಟಾ?"

"ಎಂತದ್ದೂ ಇಲ್ಲ ಮೇಡಂ. ಇದ್ದರೆ ನಾವು ಹೇಳುದಿಲ್ವಾ?"

ಕೇಳಿಯೇ ಕೇಳಿದ್ದೆ ನಾನು! ಸುಮ್ನೆ ಊಹೆ ಮಾಡಿ ಹಾಕಿದ್ದಲ್ಲ. ಆ ಮಾತು ನಂಬಿ ಅದೇ ಸಂಜೆ ಪ್ರೊವಿಷನ್ ಎಂಟ್ರಿ ಹಾಕಿದೆ. ದುರಸ್ತಿ ಖಾತೆಗೆ 2,12,400 ಡೆಬಿಟ್, ಪ್ರೊವಿಷನ್ ಖಾತೆಗೆ ಅಷ್ಟೇ ಕ್ರೆಡಿಟ್. ಅಂದರೆ 1,80,000ಕ್ಕೆ 18 ಪರ್ಸೆಂಟ್ ಜಿಎಸ್‌ಟಿಯ 32,400 ಸೇರಿಸಿ ಹಾಕಿದೆ. ಇದು ನನ್ನದೇ ತಪ್ಪು. ನಮಗೆ ಆ ಜಿಎಸ್‌ಟಿಯ ಕ್ರೆಡಿಟ್ ಸಿಗುತ್ತದೆ, ಹಾಗಾಗಿ ಅದು ನಮ್ಮ ಖರ್ಚೇ ಅಲ್ಲ. ಬಿಲ್ಲು ಕೈಯಲ್ಲಿಲ್ಲದೆ ಕ್ರೆಡಿಟ್ ತೆಗೆದುಕೊಳ್ಳುವ ಹಾಗೂ ಇಲ್ಲ. ಬಿಲ್ಲು ಬರುವವರೆಗೆ ಜಿಎಸ್‌ಟಿಯನ್ನು ಮುಟ್ಟಬಾರದು, ಕೆಲಸದ ಬೆಲೆ ಮಾತ್ರ ಹಾಕಬೇಕು. ಗೊತ್ತಿದ್ದೂ 31ರ ಗಡಿಬಿಡಿಯಲ್ಲಿ ಮಾಡಿದೆ.

ಏಪ್ರಿಲ್ 1 ಬಂತು, ಬಿಲ್ಲು ಬರಲಿಲ್ಲ. "ಸಿಸ್ಟಮ್ ಇಯರ್ ಎಂಡ್ ಆಗ್ತಾ ಉಂಟು ಮೇಡಂ." ಏಪ್ರಿಲ್ 10ಕ್ಕೆ, "ಸೈನ್ ಮಾಡುವವರು ಊರಲ್ಲಿ ಇಲ್ಲ." ಏಪ್ರಿಲ್ 24ಕ್ಕೆ, "ನಿಮ್ದು ಮುಂದಿನ ವಾರ ಪಕ್ಕಾ." ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಅಂತ ನಾನು ಆ ಪ್ರೊವಿಷನನ್ನು ರಿವರ್ಸ್ ಮಾಡದೆ ಹಾಗೇ ಬಿಟ್ಟೆ.

ಬಿಲ್ಲು ಕೈಗೆ ಬಂದದ್ದು ಮೇ 14ಕ್ಕೆ. ಬಿಲ್ಲಿನ ತಾರೀಕು ಮೇ 12. ಮೊತ್ತ 2,64,000, ಜಿಎಸ್‌ಟಿ 47,520, ಒಟ್ಟು 3,11,520.

84,000 ಜಾಸ್ತಿ! ಎಂತದ್ದೂ ಇಲ್ಲ ಅಂದಿದ್ದರಲ್ಲ? ನಮ್ಮ ಮೇಂಟೆನೆನ್ಸ್ ಸೂಪರ್‌ವೈಸರನ್ನು ಕರೆದು ಕೇಳಿದೆ. "ಹೌದಕ್ಕಾ, ಬೇರಿಂಗ್ ಹೋಗಿತ್ತು, ಲೈನರೂ ಹಾಕಿದ್ದಾರೆ, ರಾತ್ರಿ ಕೆಲಸವೂ ಆಗಿದೆ" ಅಂದರು. ಕೆಲಸ ಆಗಿದೆ ಅಂದ ಮೇಲೆ ಕೊಡಲೇಬೇಕಲ್ಲ. ಬಿಲ್ಲಿನ ತಾರೀಕು ಮೇ ತಿಂಗಳದ್ದು ಅಂತ ಮೇ ತಿಂಗಳಿಗೇ, ನೇರ ದುರಸ್ತಿ ಖಾತೆಗೇ ಹಾಕಿಬಿಟ್ಟೆ. ಮಾರ್ಚ್‌ನ ಪ್ರೊವಿಷನ್ ಅಲ್ಲೇ ಇತ್ತು. ಅದು ಕಣ್ಣಿಗೆ ಬೀಳಲೇ ಇಲ್ಲ, ಯಾಕೆಂದರೆ ಎರಡು ಮೊತ್ತಕ್ಕೂ ಹೋಲಿಕೆಯೇ ಇರಲಿಲ್ಲ. ಒಂದೇ ಮೊತ್ತ ಆಗಿದ್ದರೆ ಖಂಡಿತ ಗುರುತು ಸಿಗುತ್ತಿತ್ತು.

ಜೂನ್‌ನಲ್ಲಿ ಧನಿಗಳು ತಿಂಗಳ ಲೆಕ್ಕ ನೋಡಲು ಕೂತರು. ಮಾರ್ಚ್‌ನ ಹಾಳೆ ಪಕ್ಕ ಮೇ ಹಾಳೆ ಇಟ್ಟು ಒಂದು ಸಾಲಿನ ಮೇಲೆ ಬೆರಳು ಇಟ್ಟರು. "ಈ ಕಂಪ್ರೆಸರ್ ಎಷ್ಟು ಸಲ ಬಿಚ್ಚಿದ್ದು?" ಅಂತ ಕೇಳಿದರು. ಸೂಪರ್‌ವೈಸರ್ "ಒಂದೇ ಸಲ" ಅಂದರು. ಧನಿಗಳು ನನ್ನ ಮುಖ ನೋಡಿದರು. 2,12,400 ಮತ್ತು 2,64,000 ಸೇರಿ 4,76,400 ಖರ್ಚು ಬರೆದಿದ್ದೆ. ಬರೆಯಬೇಕಾದ್ದು 2,64,000 ಮಾತ್ರ. ಬೈದಿದ್ದರೂ ಸಮಾಧಾನ ಇರುತ್ತಿತ್ತು. ಅವರು "ಆಯ್ತು, ನೋಡಿ" ಅಂದು ಹಾಳೆ ಮಡಚಿ ಎದ್ದು ಹೋದರು.

ಆ ಮಧ್ಯಾಹ್ನ ಕಂಪ್ರೆಸರ್ ರೂಮಿಗೆ ಹೋದೆ. ಗೋಡೆಯ ಮೊಳೆಯಲ್ಲಿ ಗೇಟ್ ಪಾಸ್‌ಗಳ ಹಿಂದೆ ಜಾಬ್ ಕಾರ್ಡಿನ ಹಳದಿ ಕಾರ್ಬನ್ ಪ್ರತಿ ನೇತಾಡುತ್ತಿತ್ತು, ಮೂಲೆಯಲ್ಲಿ ಎಣ್ಣೆಯ ಬೆರಳಚ್ಚು. ಎರಡನೇ ಪುಟದಲ್ಲಿ ಎಲ್ಲ ಬರೆದಿತ್ತು. ಮೇನ್ ಬೇರಿಂಗ್ ಸೆಟ್ ಒಂದು, ಸಿಲಿಂಡರ್ ಲೈನರ್ ಒಂದು, ರಾತ್ರಿ ಪಾಳಿ ನಾಲ್ಕು ಜನ ಐದು ರಾತ್ರಿ. ಕೆಳಗೆ ನಮ್ಮವರ ಸಹಿ, ಅವರ ಮೇಸ್ತ್ರಿಯ ಸಹಿ, ತಾರೀಕು 26-3-2025.

ಅಲ್ಲೇ ನಿಂತು ಲೆಕ್ಕ ಹಾಕಿದೆ. ಪಿಒ ಜೊತೆ ಇದ್ದ ಕೊಟೇಶನ್‌ನಲ್ಲೇ ರಾತ್ರಿ ಪಾಳಿಗೆ ತಲೆಗೆ 1,300 ಅಂತ ಇತ್ತು. ನಾಲ್ಕು ಜನ, ಐದು ರಾತ್ರಿ, 26,000. ಬೇರಿಂಗ್ ಮತ್ತು ಲೈನರಿನ ದರವೂ ಅದರಲ್ಲೇ ಇತ್ತು, ಎರಡೂ ಸೇರಿ 58,000. ಒಟ್ಟು 84,000. ಒಂದು ರೂಪಾಯಿ ಆಚೀಚೆ ಇಲ್ಲ! ಮಾರ್ಚ್ 31ಕ್ಕೆ ನಾನು ಫೋನ್ ಹಿಡಿದು ಕೂತ ಜಾಗದಿಂದ ಮೂವತ್ತು ಹೆಜ್ಜೆ ದೂರದಲ್ಲಿ ಸರಿಯಾದ ಮೊತ್ತ ಇತ್ತು. ಇದರ ಮೂಲ ಪ್ರತಿ ಅವರ ಹತ್ತಿರವೇ ಇತ್ತು. ಅದನ್ನು ಇಟ್ಟುಕೊಂಡೇ "ಎಂತದ್ದೂ ಇಲ್ಲ ಮೇಡಂ" ಅಂದದ್ದು.

ಫೋನ್ ಮಾಡಿ ಕೇಳಿದೆ. ಮೊದಲು, "ಅದು ಸೈಟಿನವರ ವಿಷಯ, ಆಫೀಸಿಗೆ ಗೊತ್ತಿರಲಿಲ್ಲ." ಆಮೇಲೆ, "ನೀವು ಅಂದಾಜು ಕೇಳಿದ್ದಲ್ವಾ, ಅಂದಾಜು ಹೇಳಿದ್ದು." ನಾನು ಬಿಡಲಿಲ್ಲ. ಬಿಲ್ಲು ಮೇ ತಿಂಗಳಿಗೆ ಯಾಕೆ ಹೋಯಿತು ಅಂತ ಮತ್ತೆ ಮತ್ತೆ ಕೇಳಿದಾಗ ಬಾಯಿಬಿಟ್ಟರು. "ಮಾರ್ಚ್‌ನಲ್ಲಿ ಬಿಲ್ ಹಾಕಿದ್ರೆ ಏಪ್ರಿಲ್ 20ಕ್ಕೆ ನಾವು ಜಿಎಸ್‌ಟಿ ಕಟ್ಬೇಕು ಮೇಡಂ. ನೀವು ದುಡ್ಡು ಕೊಡುದು ಜೂನಿಗೆ. ನಾವೆಂತ ಕೈಯಿಂದ ಹಾಕುದಾ?"

ಅಂದರೆ ನಾಳೆ ಕಳಿಸ್ತೇವೆ ಅಂದ ದಿನವೇ ಅವರಿಗೆ ಕಳಿಸುವ ಮನಸ್ಸಿರಲಿಲ್ಲ. ಸಿಸ್ಟಮ್ಮೂ ಸುಳ್ಳು, ಊರಲ್ಲಿ ಇಲ್ಲದವರೂ ಸುಳ್ಳು. ಇದರಲ್ಲಿ ಅವರಿಗೂ ಲಾಭ ಇಲ್ಲ. ಸೇವೆಯ ಕೆಲಸಕ್ಕೆ ಮುಗಿದ 30 ದಿನದೊಳಗೆ ಬಿಲ್ಲು ಹಾಕಲೇಬೇಕು. ಹಾಕದಿದ್ದರೆ ತೆರಿಗೆ ಕೆಲಸ ಮುಗಿದ ದಿನಕ್ಕೇ, ಅಂದರೆ ಮಾರ್ಚ್‌ಗೇ ಬರುತ್ತದೆ. ಇದನ್ನು ಹೇಳಿದ್ದಕ್ಕೆ ಬಂದ ಉತ್ತರ, "ಅದು ನಮ್ಮ ಆಡಿಟರ್ ನೋಡ್ಕೊಳ್ತಾರೆ."

ನಮ್ಮ ಆಡಿಟರ್ ಹೇಳಿದ್ದನ್ನು ಸ್ವಲ್ಪ ನಿಧಾನವಾಗಿ ಓದಿ, ಇದು ಎಲ್ಲರಿಗೂ ಬೇಕಾದದ್ದು. 2024-25ರ ಬ್ಯಾಲೆನ್ಸ್ ಶೀಟಿಗೆ ಆಗ ಇನ್ನೂ ಸಹಿ ಆಗಿರಲಿಲ್ಲ. ಕೆಲಸ ಮಾರ್ಚ್ 27ಕ್ಕೇ ಮುಗಿದಿದೆ, ಮೇ ತಿಂಗಳಲ್ಲಿ ಬಂದ ಬಿಲ್ಲು ಮಾರ್ಚ್ 31ಕ್ಕೆ ನಾವು ಎಷ್ಟು ಕೊಡಬೇಕಿತ್ತು ಎಂಬುದಕ್ಕೆ ಸಾಕ್ಷಿ ಅಷ್ಟೇ. ಹಾಗಾಗಿ ಮಾರ್ಚ್‌ನ ಮೊತ್ತವನ್ನೇ 2,64,000ಕ್ಕೆ ತಿದ್ದಬೇಕು, ಮೇ ತಿಂಗಳ ಖರ್ಚು ತೆಗೆಯಬೇಕು. ಸಹಿ ಆದ ಮೇಲೆ ಬಿಲ್ಲು ಬಂದಿದ್ದರೆ? ವ್ಯತ್ಯಾಸ ಹೊಸ ವರ್ಷಕ್ಕೆ ಹೋಗುತ್ತಿತ್ತು, ಆದರೆ ಯಾವ ಹೆಸರಲ್ಲಿ ಎಂಬ ಪ್ರಶ್ನೆ ಬರುತ್ತಿತ್ತು. 31ಕ್ಕೆ ಕೈಯಲ್ಲಿದ್ದ ಕಾಗದ ನೋಡಿ ಹಾಕಿದ ಅಂದಾಜು ಆಮೇಲೆ ಬದಲಾದರೆ ಅದು ಅಂದಾಜಿನ ಬದಲಾವಣೆ, ಅದರಲ್ಲಿ ತಪ್ಪೇನೂ ಇಲ್ಲ. ನನ್ನದು ಹಾಗಲ್ಲ. ಸಹಿ ಬಿದ್ದ ಜಾಬ್ ಕಾರ್ಡ್ ನಮ್ಮ ಗೋಡೆಯಲ್ಲೇ ಇತ್ತು. "ಇದನ್ನು ಎಸ್ಟಿಮೇಟ್ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಇದು ಹಿಂದಿನ ವರ್ಷದ ತಪ್ಪು ಅಂತ ಬೇರೆ ತೋರಿಸ್ಬೇಕಾಗ್ತಿತ್ತು" ಅಂದರು. ಆ ಮಾತು ಧನಿಗಳ ನೋಟಕ್ಕಿಂತ ಜಾಸ್ತಿ ಚುಚ್ಚಿತು.

ಟಿಡಿಎಸ್ ವಿಷಯವೂ ಇದೆ. ಪಾರ್ಟಿ ಪಾಲುದಾರಿಕೆಯ ಸಂಸ್ಥೆ, ಕಾಂಟ್ರಾಕ್ಟ್ ಕೆಲಸ, 2 ಪರ್ಸೆಂಟ್. ಪ್ರೊವಿಷನ್ ಅಂತ ಬೇರೆ ಹೆಸರಿನ ಖಾತೆಗೆ ಕ್ರೆಡಿಟ್ ಮಾಡಿದರೂ ಕಾನೂನಿನಲ್ಲಿ ಅದು ಪಾರ್ಟಿಗೆ ಕ್ರೆಡಿಟ್ ಮಾಡಿದ ಹಾಗೆಯೇ. ಮಾರ್ಚ್ 31ಕ್ಕೇ ಹಿಡಿದು ಏಪ್ರಿಲ್ 30ರೊಳಗೆ ಕಟ್ಟಬೇಕಿತ್ತು. ನಾನು ಬಿಲ್ಲು ಬಂದ ಮೇಲೆ ಮೇ ತಿಂಗಳಲ್ಲಿ ಹಿಡಿದೆ. ಬಡ್ಡಿ ಸಣ್ಣ ಮೊತ್ತ. ಆದರೂ ತಡ ಆದದ್ದು ಟ್ಯಾಕ್ಸ್ ಆಡಿಟ್ ವರದಿಯಲ್ಲಿ ಬರುತ್ತದೆ, ಅದಕ್ಕೆ ಕಾರಣ ನಾನು.

ಸರಿಯಾಗಿ ಮಾಡಿದ್ದರೆ ಹೀಗಿರುತ್ತಿತ್ತು. ಮಾರ್ಚ್ 31ಕ್ಕೆ ದುರಸ್ತಿ ಖಾತೆಗೆ 2,64,000 ಡೆಬಿಟ್. ಟಿಡಿಎಸ್ 5,280 ಮತ್ತು ಪ್ರೊವಿಷನ್ 2,58,720 ಕ್ರೆಡಿಟ್. ಬಿಲ್ಲು ಬಂದ ದಿನ ದುರಸ್ತಿ ಖಾತೆಯನ್ನು ಮುಟ್ಟಬಾರದು. ಪ್ರೊವಿಷನ್ ಖಾತೆಯನ್ನೇ 2,58,720 ಡೆಬಿಟ್ ಮಾಡಿ ಸೊನ್ನೆಗೆ ತರಬೇಕು, ಜಿಎಸ್‌ಟಿ ಕ್ರೆಡಿಟ್ 47,520 ಡೆಬಿಟ್, ಪಾರ್ಟಿಗೆ 3,06,240 ಕ್ರೆಡಿಟ್. ಪ್ರೊವಿಷನ್ ಖಾತೆಯಲ್ಲಿ ಒಂದು ರೂಪಾಯಿ ಉಳಿದರೂ ಎಲ್ಲೋ ತಪ್ಪಾಗಿದೆ ಅಂತ ಅರ್ಥ. ನಾನು ಆ ಖಾತೆ ತೆರೆದು ನೋಡಿದ್ದರೆ ಮೇ ಕೊನೆಗೇ ಗೊತ್ತಾಗುತ್ತಿತ್ತು.

ಇನ್ನೊಂದು ಮಾತು, ಟ್ಯಾಲಿಯಲ್ಲಿ Reversing Journal ಅಂತ ಇದೆಯಲ್ಲ, ಅದರಲ್ಲಿ ಹಾಕಿದರೆ ತಾನಾಗಿ ರಿವರ್ಸ್ ಆಗುತ್ತದೆ ಅಂತ ಒಬ್ಬರು ಹೇಳಿದರು. ಅದನ್ನು ನಂಬಬೇಡಿ. ಅದು Scenario ತೆರೆದಾಗ ಮಾತ್ರ ವರದಿಯಲ್ಲಿ ಕಾಣುತ್ತದೆ, ನಿಜವಾದ ಪುಸ್ತಕಕ್ಕೆ ಸೇರುವುದಿಲ್ಲ. ಮಾಮೂಲಿ Journal ಹಾಕಿ, ನೀವೇ ತೆಗೆಯಿರಿ.

ಸಪ್ಲೈಯರಿಗೆ ಫೋನ್ ಮಾಡುವ ಮೊದಲು ನಿಮ್ಮವರ ಸಹಿ ಇರುವ ಕಾಗದ ಹುಡುಕಿ. ಜಾಬ್ ಕಾರ್ಡ್, ಗೇಟ್ ರಿಜಿಸ್ಟರ್, ಏನೂ ಆಗಬಹುದು. ಫೋನ್ ಆಮೇಲೆ ಮಾಡಿ, ಮೊತ್ತ ನೀವು ಹೇಳಿ, ಅವರು ಹೌದೋ ಅಲ್ಲವೋ ಅಂತ ಬರೆದು ಕಳಿಸಲಿ.

ಜುಲೈಯಲ್ಲಿ ಅದೇ ಪಾರ್ಟಿ ಸಣ್ಣ ಕಂಪ್ರೆಸರಿನ ಕೆಲಸಕ್ಕೆ ಬಂದಿತ್ತು. ನಾನು ಬೇಡ ಅಂದೆ, ಧನಿಗಳು ಕೆಲಸ ಚೆನ್ನಾಗಿ ಮಾಡ್ತಾರೆ ಅಂದರು. 31ಕ್ಕೆ ನಾನೇ ಹೋಗಿ ಜಾಬ್ ಕಾರ್ಡಿನ ಎರಡೂ ಪುಟದ ಫೋಟೋ ತೆಗೆದುಕೊಂಡು ಬಂದೆ. ಫೋನ್ ಮಾಡಿದರೆ ಅದೇ ದನಿ, "ಪಿಒ ಅಮೌಂಟೇ ಮೇಡಂ, ಅದನ್ನೇ ಹಾಕಿ." ಪಿಒ 38,000. ಜಾಬ್ ಕಾರ್ಡ್ ಪ್ರಕಾರ 46,500. ನಾನು 46,500 ಹಾಕಿದೆ.